ಪ್ರೇಕ್ಷಕರ ಮೊಬೈಲ್ ವಿಡಿಯೊ, ಮಿಕ್ಸರಿನ ಧ್ವನಿ: ಆಟದ ದಾಖಲೆಯನ್ನು ಕೂಡಿಸಲು ಯಾವ ದಾರಿ?

ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರದ ಕಡೆ ಯಕ್ಷಗಾನ ಮುಗಿದ ಮರುದಿನ ಸಂಘಟಕರ ಕೈಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಾಮಗ್ರಿ ಉಳಿದಿರುತ್ತದೆ. ಒಂದು, ಮೈಕ್‌ಸೆಟ್‌ನವರ ಮಿಕ್ಸರಿನಿಂದ ನೇರವಾಗಿ ರೆಕಾರ್ಡರಿಗೆ ಇಳಿಸಿಕೊಂಡ ಧ್ವನಿ. ಭಾಗವತರ ಒಂದೊಂದು ಅಕ್ಷರವೂ ಅದರಲ್ಲಿ ಬಿಡಿಸಿದಂತೆ ಕೇಳುತ್ತದೆ. ಇನ್ನೊಂದು, ಪ್ರೇಕ್ಷಕರು ಕುಳಿತಲ್ಲಿಂದ, ನಿಂತಲ್ಲಿಂದ ಮೊಬೈಲಿನಲ್ಲಿ ಹಿಡಿದ ವಿಡಿಯೊಗಳು. ಚಿತ್ರ ನಡುಗುತ್ತದೆ, ಮುಂದಿನವರ ತಲೆ ಅಡ್ಡ ಬರುತ್ತದೆ, ಧ್ವನಿಯಂತೂ ಚಂಡೆಯ ಅಬ್ಬರಕ್ಕೆ ಒಡೆದುಹೋಗಿರುತ್ತದೆ. ಇವೆರಡನ್ನು ಕೂಡಿಸಿ ನೋಡುವಂಥದ್ದೊಂದನ್ನು ಮಾಡಲು ಹೊರಟವರು ತೂಗಾಡುವುದು ಒಂದೇ ಕಡೆ: ಕಣ್ಣು ಕಿವಿ ನಂಬಿ ಕೈಯಿಂದಲೇ ಹೊಂದಿಸುವುದೋ, ಎಡಿಟಿಂಗ್ ತಂತ್ರಾಂಶ ತಾನೇ ಹೊಂದಿಸಲಿ ಎಂದು ಬಿಡುವುದೋ, ಇಲ್ಲ ಕಂಪ್ಯೂಟರಿಗೆ ಆಜ್ಞೆ ಕೊಟ್ಟು ಲೆಕ್ಕ ಹಾಕಿಸುವುದೋ?

ಇದಕ್ಕೆ ಉತ್ತರ ತಂತ್ರಾಂಶದ ಹೆಸರಿನಲ್ಲಿಲ್ಲ. ನಿಮ್ಮ ವಿಡಿಯೊದಲ್ಲಿರುವ ತಪ್ಪು ಯಾವ ಜಾತಿಯದು ಎಂಬುದರಲ್ಲಿದೆ. ಆದ್ದರಿಂದ ಮೊದಲು ತಪ್ಪುಗಳನ್ನು ಗುರುತಿಸೋಣ, ದಾರಿಗಳ ಮಾತು ಆಮೇಲೆ.

ಮೂರು ಬಗೆಯ ತಪ್ಪು

ಮೊದಲನೆಯದು ಆರಂಭದ ಅಂತರ. ರೆಕಾರ್ಡರ್ ಸಭಾಕಾರ್ಯಕ್ರಮದಿಂದಲೇ ಓಡುತ್ತಿರುತ್ತದೆ, ಮೊಬೈಲಿನವರು ಕೌರವನ ಪ್ರವೇಶಕ್ಕೆ ಎದ್ದು ನಿಂತು ಬಟನ್ ಒತ್ತುತ್ತಾರೆ. ಆ ವಿಡಿಯೊ ಧ್ವನಿಯ ಫೈಲಿನ ಯಾವ ಸೆಕೆಂಡಿಗೆ ಕೂಡುತ್ತದೆ ಎಂಬುದು ಒಂದೇ ಅಂಕಿ. ಅದನ್ನು ಹುಡುಕುವುದು ಎಲ್ಲ ದಾರಿಗಳಿಗೂ ಗೊತ್ತು.

ಎರಡನೆಯದು ಜಾರಿಕೆ. ಆರಂಭದಲ್ಲಿ ಸರಿಯಾಗಿ ಕೂಡಿದ್ದ ಧ್ವನಿ ಅರ್ಧ ಗಂಟೆಯ ನಂತರ ತುಟಿಗೆ ಹೊಂದುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ, ಬೆರೆಸಿಕೊಳ್ಳಬಾರದು. ಪ್ರತಿಯೊಂದು ಯಂತ್ರದೊಳಗೂ ಒಂದು ಗಡಿಯಾರವಿದೆ. ಮೊಬೈಲಿನ ಗಡಿಯಾರವೂ ರೆಕಾರ್ಡರಿನ ಗಡಿಯಾರವೂ ಕೂದಲೆಳೆಯಷ್ಟು ಬೇರೆ ವೇಗದಲ್ಲಿ ನಡೆಯುತ್ತವೆ. ಹತ್ತು ಲಕ್ಷದಲ್ಲಿ 50 ಭಾಗದಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್ ಆಗುತ್ತದೆ. ಈ ಜಾರಿಕೆ ನಿಧಾನ, ಸಮಪ್ರಮಾಣದ್ದು. ಅರ್ಧ ಗಂಟೆಗೆ ಎಷ್ಟೋ, ಒಂದು ಗಂಟೆಗೆ ಅದರ ಎರಡರಷ್ಟು. ಇನ್ನೊಂದು ಕಾರಣ ಕತ್ತಲೆ. ರಾತ್ರಿ ಗದ್ದೆಬಯಲಿನ ಮಂದ ಬೆಳಕಿನಲ್ಲಿ ಅನೇಕ ಮೊಬೈಲ್‌ಗಳು ಸೆಕೆಂಡಿಗೆ 30 ಫ್ರೇಮ್ ತೆಗೆಯುವ ಬದಲು 24ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತವೆ, ಬೆಳಕು ಬಂದಾಗ ಮತ್ತೆ ಏರುತ್ತವೆ. ಫ್ರೇಮ್‌ಗಳ ಅಂತರ ಹೀಗೆ ಏರುಪೇರಾದ ಫೈಲನ್ನು ಕೆಲವು ಎಡಿಟರ್‌ಗಳು ಸಮ ಅಂತರದ್ದೆಂದು ಓದುತ್ತವೆ. ಆಗಿನ ಜಾರಿಕೆಗೆ ಲೆಕ್ಕವಿಲ್ಲ: ಹತ್ತನೇ ನಿಮಿಷದಲ್ಲಿ ಹಿಂದೆ ಬಿದ್ದಿರುತ್ತದೆ, ಹದಿನೈದನೇ ನಿಮಿಷದಲ್ಲಿ ಸರಿಯಾಗಿರುತ್ತದೆ, ಮತ್ತೆ ತಪ್ಪುತ್ತದೆ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೊ ತೆರೆದು `Frame rate mode` ಎಂಬ ಸಾಲು ನೋಡಿ. ಅಲ್ಲಿ `Variable` ಎಂದಿದ್ದರೆ ರೋಗ ಇದೇ ಇರಬಹುದು.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ದೂರ. ಬೆಳಕು ರಂಗದಿಂದ ಮೊಬೈಲಿಗೆ ಕ್ಷಣಾರ್ಧವೂ ಇಲ್ಲದೆ ತಲುಪುತ್ತದೆ, ಶಬ್ದ ನಡೆದುಕೊಂಡು ಬರುತ್ತದೆ. ನಮ್ಮ ಕರಾವಳಿಯ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಇದು ಹನ್ನೊಂದೂವರೆ ಮೀಟರಿಗೆ ಒಂದು ಫ್ರೇಮ್ ಲೆಕ್ಕ. ಬಯಲಿನ ಹಿಂದೆ, ರಂಗದಿಂದ 35 ಮೀಟರ್ ದೂರದಲ್ಲಿ ನಿಂತು ಹಿಡಿದ ವಿಡಿಯೊದಲ್ಲಿ ಕಲಾವಿದರ ಕಾಲು ಹಲಗೆಗೆ ಬಿದ್ದು ಮೂರು ಫ್ರೇಮ್ ಕಳೆದ ಮೇಲೆ ಅದರ ಸದ್ದು ದಾಖಲಾಗಿರುತ್ತದೆ. ಮಿಕ್ಸರಿನ ಧ್ವನಿಗೆ ಈ ವಿಳಂಬವಿಲ್ಲ. ಈಗ ಎರಡು ಧ್ವನಿಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಿದಿರಿ ಎನ್ನಿ. ಧ್ವನಿಗೆ ಧ್ವನಿ ಕೂಡಿತು, ಆದರೆ ಚಿತ್ರಕ್ಕೆ ಧ್ವನಿ ಮೂರು ಫ್ರೇಮ್ ತಡ. ಯಾವ ತಂತ್ರಾಂಶವೂ ಇದನ್ನು ತಾನಾಗಿ ತಿದ್ದುವುದಿಲ್ಲ, ಏಕೆಂದರೆ ಅದು ಹೋಲಿಸುವುದು ಧ್ವನಿಯನ್ನು ಮಾತ್ರ.

ಎಷ್ಟು ತಪ್ಪಿದರೆ ಕಣ್ಣಿಗೆ ಕುಕ್ಕುತ್ತದೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುವಿನ ಬಿಟಿ.1359 ಶಿಫಾರಸಿನ ಪ್ರಕಾರ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಬಂದರೆ ನೋಡುಗರು ಗುರುತಿಸುತ್ತಾರೆ. ಹಿಂದೆ ಬಿದ್ದರೆ 125 ಮಿಲಿಸೆಕೆಂಡ್‌ವರೆಗೆ ಗುರುತಿಸುವುದು ಕಷ್ಟ. ದೂರದ ಸದ್ದು ತಡವಾಗಿ ಕೇಳುವುದು ಬದುಕಿನಲ್ಲಿ ಎಲ್ಲರಿಗೂ ರೂಢಿ. ಸದ್ದು ಮೊದಲು, ನೋಟ ಆಮೇಲೆ ಎಂಬುದು ಎಲ್ಲೂ ಇಲ್ಲ. ಹಾಗಾಗಿ ಒಂದು ಫ್ರೇಮಿನಷ್ಟು ಅನುಮಾನ ಉಳಿದರೆ ಧ್ವನಿ ತಡವಾಗುವ ಕಡೆಗೇ ಇರಲಿ.

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದದ್ದು

ವಿಡಿಯೊ ತುಣುಕು ಎಷ್ಟು ಉದ್ದ? ಹತ್ತು ನಿಮಿಷದೊಳಗಿನ ತುಣುಕಿನಲ್ಲಿ ಗಡಿಯಾರದ ಜಾರಿಕೆ ಒಂದು ಫ್ರೇಮಿಗೆ ಮೀರುವುದು ಅಪರೂಪ, ಅದನ್ನು ಮರೆಯಬಹುದು. ತುಣುಕುಗಳು ಎಷ್ಟು? ಎರಡು ಮೂರಾದರೆ ಕೈಯಿಂದಲೇ ಆದೀತು. ಊರಿನವರೆಲ್ಲ ಕಳಿಸಿದ ನಲವತ್ತು ತುಣುಕುಗಳಾದರೆ ಆಗದು. ನೋಡುವವರು ಎಲ್ಲಿ ನೋಡುತ್ತಾರೆ? ವಾಟ್ಸ್‌ಆ್ಯಪ್‌ನಲ್ಲಿ ಅಂಗೈಯಗಲದ ಪರದೆಯಲ್ಲಿ ನೋಡುವ ದೂರದ ದೃಶ್ಯಕ್ಕೆ ಎರಡು ಫ್ರೇಮ್ ತಪ್ಪಿದರೆ ಯಾರೂ ಕೇಳುವುದಿಲ್ಲ. ಮುಖ ಹತ್ತಿರದಿಂದ ಕಾಣುವ ಅರ್ಥಗಾರಿಕೆಯನ್ನು ಟಿವಿಯಲ್ಲಿ ನೋಡಿದರೆ ಅದೇ ಎರಡು ಫ್ರೇಮ್ ಕಿರಿಕಿರಿ. ಕೊನೆಯದಾಗಿ, ನಿಮ್ಮ ಬಳಿ ಇರುವುದು ಮೊಬೈಲ್ ಮಾತ್ರವೇ, ಹಳೆಯ ಲ್ಯಾಪ್‌ಟಾಪೇ, ಒಳ್ಳೆಯ ಕಂಪ್ಯೂಟರೇ?

ಯಾವ ದಾರಿ ಹಿಡಿದರೂ ಮೂಲ ಫೈಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಕುಗ್ಗಿಸಿ ಹೊಸದಾಗಿ ಬರೆದೇ ಕಳಿಸುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಕೇಳುವಾಗಲೇ ಇನ್ನೊಂದನ್ನೂ ಕೇಳಿಬಿಡಿ: ನೀವು ಎಲ್ಲಿ ನಿಂತಿದ್ದಿರಿ, ಹತ್ತಿರದ ಸ್ಪೀಕರ್ ಎಲ್ಲಿತ್ತು? ಎರಡನೇ ಪ್ರಶ್ನೆ ಯಾಕೆಂದು ಮುಂದೆ ಗೊತ್ತಾಗುತ್ತದೆ.

ಕೈಯಿಂದ ಹೊಂದಿಸುವುದು

ಒಂದೇ ಪದ್ಯ, ಒಂದೇ ತುಣುಕು, ಐದಾರು ನಿಮಿಷ. ಇಷ್ಟಕ್ಕೆ ಬೇರೆ ದಾರಿ ಹುಡುಕುವುದು ಹೊತ್ತು ಹಾಳು. ಮೊಬೈಲಿನಲ್ಲೇ ಎರಡು ಟ್ರ್ಯಾಕ್ ತೋರಿಸುವ ಯಾವುದೇ ಎಡಿಟಿಂಗ್ ಆ್ಯಪ್ ಸಾಕು. ಕಂಪ್ಯೂಟರಿದ್ದರೆ ಇನ್ನೂ ಸುಲಭ.

ಗುರುತಿಗೆ ಯಾವ ಜಾಗ ಹಿಡಿಯಬೇಕು ಎಂಬುದೇ ಇಲ್ಲಿನ ಜಾಣತನ. ಚಿತ್ರ ನಡುಗುತ್ತಿರುವಾಗ ಕೋಲು ಚಂಡೆಗೆ ತಾಗುವ ಫ್ರೇಮನ್ನು ಕಣ್ಣಿನಿಂದ ಹುಡುಕಲು ಹೋಗಬೇಡಿ. ಮಂದ ಬೆಳಕಿನಲ್ಲಿ ಒಂದೊಂದು ಫ್ರೇಮೂ ಉದ್ದಕ್ಕೆ ಮಸುಕಾಗಿರುತ್ತದೆ, ಕೈ ಅಲುಗಿದ್ದರಿಂದ ಅದರ ಮೇಲೆ ಇನ್ನಷ್ಟು ಮಸುಕು. ಕೋಲು ಎರಡು ಕಡೆ ಇದ್ದಂತೆ ಕಾಣುತ್ತದೆ. ಅದರ ಬದಲು ಮೊದಲು ಧ್ವನಿಗೆ ಧ್ವನಿಯನ್ನೇ ಕೂಡಿಸಿ. ಬಿಡ್ತಿಗೆಯ ಕೊನೆಯ ಪೆಟ್ಟು ಬಿದ್ದು ಹಿಮ್ಮೇಳ ಒಂದು ಗಳಿಗೆ ಸುಮ್ಮನಾಗುವ ಜಾಗ ಹೇಳಿ ಮಾಡಿಸಿದಂತಿರುತ್ತದೆ: ಎರಡೂ ಟ್ರ್ಯಾಕ್‌ಗಳ ಅಲೆಯ ಚಿತ್ರದಲ್ಲಿ ದಟ್ಟನೆಯ ಗುಪ್ಪೆ ಥಟ್ಟನೆ ಮುಗಿದು ಬಯಲು ಕಾಣುತ್ತದೆ. ಅಲೆಯ ಎತ್ತರವನ್ನು ಹೋಲಿಸಬೇಡಿ. ಮೊಬೈಲು ಜೋರು ಸದ್ದನ್ನು ತಾನೇ ತಗ್ಗಿಸಿ, ಮೆಲುದನಿಯನ್ನು ತಾನೇ ಏರಿಸಿ ಬರೆದಿರುತ್ತದೆ. ಪೆಟ್ಟು ಬಿದ್ದ ಜಾಗ ಮಾತ್ರ ನಂಬಲರ್ಹ.

ಆಮೇಲೆ ಇಯರ್‌ಫೋನ್ ಹಾಕಿ ಮೊಬೈಲಿನ ಧ್ವನಿಯನ್ನು ಎಡಕಿವಿಗೆ, ಮಿಕ್ಸರಿನ ಧ್ವನಿಯನ್ನು ಬಲಕಿವಿಗೆ ಬಿಡಿ. ಅಂತರ ಹೆಚ್ಚಿದ್ದಾಗ ಪ್ರತಿಯೊಂದು ಪೆಟ್ಟೂ ಎರಡಾಗಿ ಕೇಳುತ್ತದೆ. ಒಂದೊಂದೇ ಫ್ರೇಮ್ ಸರಿಸುತ್ತ ಹೋದಂತೆ ಎರಡು ಪೆಟ್ಟು ಹತ್ತಿರವಾಗಿ, ಕೊನೆಗೆ ಹೆಚ್ಚುಕಡಿಮೆ ಒಂದೇ ಪೆಟ್ಟಾಗಿ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಿ, ದೂರದ ತಿದ್ದುಪಡಿ ಮಾಡಿ.

ಈ ದಾರಿಯ ಮಿತಿಯೂ ಸ್ಪಷ್ಟ. ಮೂರು ಗಂಟೆಯ ಧ್ವನಿಯ ಫೈಲಿನಲ್ಲಿ ಆ ಪದ್ಯ ಎಲ್ಲಿದೆ ಎಂದು ನೀವೇ ಹುಡುಕಬೇಕು. ಪ್ರಸಂಗ ಗೊತ್ತಿದ್ದವರಿಗೆ ಅದು ಕಷ್ಟವಲ್ಲ. ಹಾಗೆ ನೋಡಿದರೆ ಆಟ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಯಾವ ತಂತ್ರಾಂಶಕ್ಕಿಂತಲೂ ಬೇಗ ಜಾಗ ತೋರಿಸುತ್ತಾರೆ. ತುಣುಕುಗಳು ಹತ್ತಕ್ಕೆ ಏರಿದರೆ ಮಾತ್ರ ಅವರ ತಾಳ್ಮೆಯೂ ಮುಗಿಯುತ್ತದೆ.

ಎಡಿಟರಿನ ಸ್ವಯಂಚಾಲಿತ ಹೊಂದಾಣಿಕೆ

ಉಚಿತವಾಗಿ ಸಿಗುವ ಎರಡು ತಂತ್ರಾಂಶಗಳಲ್ಲಿ ಇದು ಚೆನ್ನಾಗಿದೆ. ಕೆಡೆನ್‌ಲೈವ್‌ನಲ್ಲಿ ಮಿಕ್ಸರಿನ ಧ್ವನಿಯ ಮೇಲೆ ಬಲಕ್ಲಿಕ್ ಮಾಡಿ `Set Audio Reference` ಕೊಟ್ಟು, ನಂತರ ಮೊಬೈಲಿನ ತುಣುಕಿನ ಮೇಲೆ `Align Audio to Reference` ಕೊಟ್ಟರೆ ತುಣುಕು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಮೀಡಿಯಾ ಪೂಲ್‌ನಲ್ಲಿ ಎಲ್ಲವನ್ನೂ ಆಯ್ದು `Auto Sync Audio` ಅಡಿಯಲ್ಲಿ ವೇವ್‌ಫಾರ್ಮ್ ಆಧಾರದ ಆಯ್ಕೆ ಕೊಡಬೇಕು. ಅದರಲ್ಲಿ ಮೂಲ ಧ್ವನಿಯನ್ನು ಉಳಿಸುವ ಆಯ್ಕೆಯನ್ನು, ಹಳೆಯ ಆವೃತ್ತಿಗಳಲ್ಲಾದರೆ `Append Tracks` ಇರುವುದನ್ನು, ಆರಿಸಿದರೆ ಮೊಬೈಲಿನ ಧ್ವನಿಯೂ ಉಳಿಯುತ್ತದೆ, ಪರೀಕ್ಷೆಗೆ ಅದು ಬೇಕೇ ಬೇಕು. ಹಳೆಯ ಲ್ಯಾಪ್‌ಟಾಪಿಗೆ ಕೆಡೆನ್‌ಲೈವ್ ಹಗುರ. ರಿಸಾಲ್ವ್‌ಗೆ 16 ಜಿಬಿ ಮೆಮೊರಿ ಇದ್ದರೆ ನೆಮ್ಮದಿ. ಲಿನಕ್ಸ್ ಬಳಸುವವರು ರಿಸಾಲ್ವ್‌ನ ಉಚಿತ ಆವೃತ್ತಿಗೆ ಹೋಗದಿರುವುದೇ ಲೇಸು. ಮೊಬೈಲಿನ ಸಾಮಾನ್ಯ ಎಂಪಿ4 ಫೈಲುಗಳನ್ನು ಅದು ಅಲ್ಲಿ ನೇರವಾಗಿ ತೆರೆಯುವುದಿಲ್ಲ.

ಮಾತು, ಭಾಷಣ, ನಾಟಕಗಳಲ್ಲಿ ಈ ಸೌಲಭ್ಯ ತಪ್ಪುವುದು ಕಡಿಮೆ. ಯಕ್ಷಗಾನದಲ್ಲಿ ಒಂದು ವಿಶೇಷ ತೊಡಕಿದೆ. ಯಂತ್ರ ಎರಡು ಅಲೆಗಳನ್ನು ಒಂದರ ಮೇಲೊಂದು ಜಾರಿಸುತ್ತ, ಎಲ್ಲಿ ಹೆಚ್ಚು ಹೋಲುತ್ತವೋ ಅಲ್ಲಿ ನಿಲ್ಲಿಸುತ್ತದೆ. ಚಂಡೆ ಮದ್ದಳೆಗಳೋ ತಾಳದ ಆವರ್ತಕ್ಕೆ ಸರಿಯಾಗಿ ಅದೇ ಪೆಟ್ಟನ್ನು ಮತ್ತೆ ಮತ್ತೆ ನುಡಿಸುತ್ತವೆ. ಒಂದು ಆವರ್ತ ಆಚೆಗೆ ಜಾರಿಸಿದರೂ ಅಲೆಗಳು ಹೆಚ್ಚುಕಡಿಮೆ ಅಷ್ಟೇ ಹೋಲುತ್ತವೆ. ಮೊಬೈಲಿನ ಧ್ವನಿ ಚಂಡೆಗೆ ಒಡೆದುಹೋಗಿ ಭಾಗವತರ ಸ್ವರ ಮುಚ್ಚಿಹೋಗಿದ್ದರೆ ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಫಲಿತಾಂಶ ಮೋಸದ್ದು: ಕೇಳಿದರೆ ಚಂಡೆ ಚಂದವಾಗಿ ಕೂಡಿದೆ, ಕುಣಿತದ ಹೆಜ್ಜೆಯೂ ತಾಳಕ್ಕೆ ಬೀಳುತ್ತಿದೆ, ಆದರೆ ಸಾಹಿತ್ಯ ಬೇರೆ. ಮೊಬೈಲಿನ ಟ್ರ್ಯಾಕ್ ಪದ್ಯದ ಮುಂದಿನ ಸಾಲಿಗೆ ಹೋಗಿದ್ದರೆ ಮಿಕ್ಸರಿನದು ಇನ್ನೂ ಹಿಂದಿನ ಸಾಲಿನಲ್ಲಿರುತ್ತದೆ.

ಇದಕ್ಕೆ ಮದ್ದು ಸರಳ. ಸ್ವಯಂಚಾಲಿತ ಹೊಂದಾಣಿಕೆಗೆ ಏರುಪದ್ಯದ ಕುಣಿತದ ತುಣುಕನ್ನು ಕೊಡಬೇಡಿ. ಅದರ ಮುಂಚೆಯೋ ನಂತರವೋ ಬರುವ ಮಾತಿನ ಭಾಗವೂ ಸೇರಿರುವ ಉದ್ದ ತುಣುಕನ್ನೇ ಕೊಡಿ. ಮಾತು ಆವರ್ತಿಸುವುದಿಲ್ಲ, ಅಲ್ಲಿ ಹೊಂದಿಕೆ ಒಂದೇ ಕಡೆ ಸಿಗುತ್ತದೆ. ತುಣುಕಿನಲ್ಲಿ ಮಾತೇ ಇಲ್ಲದಿದ್ದರೆ ಮಿಕ್ಸರಿನ ಫೈಲಿನಿಂದ ಆ ಪದ್ಯದ ಸುತ್ತಲಿನ ಭಾಗವನ್ನಷ್ಟೇ ಕತ್ತರಿಸಿ ಹೋಲಿಕೆಗೆ ಕೊಡಿ, ಆಮೇಲೆ ಸಾಹಿತ್ಯ ಕೇಳಿ ಪರೀಕ್ಷಿಸಿ. ಬರೀ ಚಂಡೆ ಕೂಡಿತೆಂದು ಎದ್ದುಬಿಡಬೇಡಿ.

ಇನ್ನೊಂದು ಮಾತು ನಡುಕದ ಬಗ್ಗೆ. ಮೊದಲು ಚಿತ್ರದ ನಡುಕ ತೆಗೆದು ಆಮೇಲೆ ಹೊಂದಿಸೋಣ ಎಂದು ಬಹಳ ಜನ ಬೇರೆ ಆ್ಯಪ್‌ನಲ್ಲಿ ವಿಡಿಯೊ ಹಾಯಿಸಿಕೊಂಡು ಬರುತ್ತಾರೆ. ಅದು ಫೈಲನ್ನು ಹೊಸದಾಗಿ ಬರೆಯುವಾಗ ಫ್ರೇಮ್ ವೇಗವನ್ನೇ ಬದಲಿಸಿರಬಹುದು. ಮೂಲ ಫೈಲನ್ನೇ ಹೊಂದಿಸಿ, ಕತ್ತರಿಸಿ, ಉಳಿಸಿಕೊಂಡ ತುಣುಕುಗಳಿಗೆ ಮಾತ್ರ ಅದೇ ಎಡಿಟರಿನಲ್ಲಿ ಸ್ಥಿರೀಕರಣ ಕೊಡಿ. ನಡುಕ ತೆಗೆಯುವುದೆಂದರೆ ಅಂಚು ಕತ್ತರಿಸುವುದು. ತೀರಾ ಬಿಗಿಯಾಗಿ ಕೊಟ್ಟರೆ ಕಿರೀಟದ ತುದಿ ಹಾರಿಹೋಗುತ್ತದೆ. ಕೈ ಪೂರ್ತಿ ಎತ್ತಲೋ ಹಾರಿದ ಭಾಗವನ್ನು ಸರಿಪಡಿಸುವ ಹಟ ಬೇಡ, ಅಲ್ಲಿ ಇನ್ನೊಂದು ಮೊಬೈಲಿನ ದೃಶ್ಯ ಹಾಕಿ.

ಆಜ್ಞೆ ಕೊಟ್ಟು ಲೆಕ್ಕ ಹಾಕಿಸುವುದು

ಇಡೀ ರಾತ್ರಿಯ ಆಟ, ಹತ್ತಾರು ತುಣುಕು, ಉದ್ದುದ್ದ ಶಾಟ್‌ಗಳು ಇದ್ದವರಿಗೆ ಇದು. ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಲು ಹಿಂಜರಿಯುವವರು ಈ ಭಾಗ ಬಿಟ್ಟು ಮುಂದೆ ಹೋದರೆ ನಷ್ಟವಿಲ್ಲ; ಆದರೆ ಮೊದಲನೆಯ ಆಜ್ಞೆಯೊಂದನ್ನು ಮಾತ್ರ ಎಲ್ಲರೂ ಕಲಿಯುವುದು ಒಳ್ಳೆಯದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಫ್ರೇಮ್ ಏರುಪೇರಾದ ವಿಡಿಯೊವನ್ನು ಸಮ ಅಂತರಕ್ಕೆ ತರುವುದು ಅದು:

```
ffmpeg -i mobile.mp4 -vf fps=30 -c:v libx264 -crf 18 -c:a pcm_s16le -ar 48000 mobile_30.mov
```

ಲೆಕ್ಕವಿಲ್ಲದ ಜಾರಿಕೆ ಇದರಿಂದಲೇ ಹೋಗುತ್ತದೆ. ಕೈಯಿಂದ ಹೊಂದಿಸುವವರೂ ಎಡಿಟರ್ ಬಳಸುವವರೂ ಉದ್ದ ತುಣುಕಿಗೆ ಮೊದಲು ಇದನ್ನು ಮಾಡಿಕೊಂಡರೆ ಅರ್ಧ ತಲೆನೋವು ಇಳಿಯುತ್ತದೆ. ಫೈಲಿನ ಗಾತ್ರ ಮಾತ್ರ ಹಿಗ್ಗುತ್ತದೆ, ಡಿಸ್ಕಿನಲ್ಲಿ ಜಾಗವಿರಲಿ.

ಅಂತರ ಹುಡುಕಲು ಬಿಬಿಸಿಯವರು ಮುಕ್ತವಾಗಿ ಕೊಟ್ಟಿರುವ ಪುಟ್ಟ ಸಾಧನವೊಂದಿದೆ. ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಂಡು ಹೀಗೆ ಕೇಳಬೇಕು:

```
audio-offset-finder --find-offset-of tunuku.wav --within mixer.wav --trim 14400
```

ಕೊನೆಯ ಅಂಕಿ ಸೆಕೆಂಡ್‌ಗಳಲ್ಲಿ. ಅದನ್ನು ಕೊಡದಿದ್ದರೆ ಸಾಧನ ಫೈಲಿನ ಆರಂಭದ ಭಾಗವನ್ನಷ್ಟೇ ನೋಡುತ್ತದೆ. ಮಧ್ಯರಾತ್ರಿಯ ಪದ್ಯವನ್ನು ಚೌಕಿಪೂಜೆಯ ಹೊತ್ತಿನಲ್ಲಿ ಹುಡುಕಿದಂತಾಗುತ್ತದೆ. ಉತ್ತರದಲ್ಲಿ ಅಂತರದ ಜೊತೆಗೆ `Standard score` ಎಂಬ ಅಂಕಿಯೂ ಬರುತ್ತದೆ. ಅದು 10ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ನಂಬಬಹುದು, ಕೆಳಗಿದ್ದರೆ ಬೇರೆ ಭಾಗ ಕೊಟ್ಟು ನೋಡಬೇಕು. ಎಡಿಟರ್ ‘ಹೊಂದಿಸಿದೆ’ ಎಂದಷ್ಟೇ ಹೇಳಿದರೆ ಇದು ತನಗೆಷ್ಟು ಖಾತ್ರಿ ಎಂಬುದನ್ನೂ ಹೇಳುತ್ತದೆ. ನಾನು ಈ ದಾರಿಯನ್ನು ಮೆಚ್ಚುವುದು ಅದಕ್ಕಾಗಿ.

ಒಂದು ಲೆಕ್ಕ ಮಾಡಿ ನೋಡೋಣ

ಕರಾವಳಿಯ ಒಂದು ಊರಿನ ಕಾಲಮಿತಿ ಆಟ ಎಂದುಕೊಳ್ಳಿ. ಮಿಕ್ಸರಿನ ಧ್ವನಿ ಮೂರು ಗಂಟೆ ಐದು ನಿಮಿಷ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ಆದ್ದರಿಂದ ಗಂಟೆಗೆ ಸುಮಾರು ಒಂದು ಜಿಬಿ. ರೆಕಾರ್ಡರ್ 2 ಜಿಬಿ ತುಂಬಿದಲ್ಲಿ ಹೊಸ ಫೈಲ್ ತೆರೆದಿದೆ. ಎರಡನ್ನೂ ಅಂತರವಿಲ್ಲದೆ ಒಂದರ ಬಾಲಕ್ಕೊಂದು ಜೋಡಿಸಿಕೊಂಡೆವು. ಮೊಬೈಲ್ ಎರಡು. ಒಂದು ಮುಂದಿನ ಸಾಲಿನದು, ರಂಗದಿಂದ 8 ಮೀಟರ್, ಎಂಟು ನಿಮಿಷದ ತುಣುಕು. ಇನ್ನೊಂದು ಹಿಂದೆ ಗದ್ದೆಯ ಹಾಳಿಯ ಮೇಲಿನಿಂದ, 35 ಮೀಟರ್ ದೂರದಿಂದ, ಒಂದೇ ಉಸಿರಿಗೆ 42 ನಿಮಿಷ. ಸ್ಪೀಕರ್‌ಗಳು ರಂಗದ ಎರಡು ಬದಿಗೆ ಮಾತ್ರ.

ಹಿಂದಿನ ಮೊಬೈಲಿನ ಫೈಲನ್ನು 30 ಫ್ರೇಮಿಗೆ ಸಮ ಮಾಡಿ, ಅದರಿಂದ ಎರಡು ಚೂರು ಧ್ವನಿ ತೆಗೆದೆವು: ಒಂದನೇ ನಿಮಿಷದಿಂದ ಒಂದು ಚೂರು, ನಲವತ್ತನೇ ನಿಮಿಷದಿಂದ ಒಂದು. ಎರಡೂ ಮಾತಿನ ಭಾಗಗಳೇ. ಮೊದಲ ಚೂರಿನ ಪ್ರಕಾರ ವಿಡಿಯೊದ ಆರಂಭ ಮಿಕ್ಸರಿನ 4340.40ನೇ ಸೆಕೆಂಡಿಗೆ ಬೀಳುತ್ತದೆ, ಎರಡನೇ ಚೂರಿನ ಪ್ರಕಾರ 4340.52ನೇ ಸೆಕೆಂಡಿಗೆ. 39 ನಿಮಿಷದಲ್ಲಿ 0.12 ಸೆಕೆಂಡ್ ಜಾರಿದೆ, ಎಂದರೆ ಮೂರೂವರೆ ಫ್ರೇಮ್. ಹತ್ತು ಲಕ್ಷಕ್ಕೆ ಸುಮಾರು 51 ಭಾಗ. ಎರಡು ಗಡಿಯಾರಗಳ ನಡುವೆ ಇದು ತೀರಾ ಸಹಜ. ಸೆಕೆಂಡುಗಟ್ಟಲೆ ಬಂದಿದ್ದರೆ ಗಡಿಯಾರವನ್ನು ದೂರದೆ ಆವರ್ತ ತಪ್ಪಿ ಕೂತಿದೆಯೇ ಎಂದು ಅನುಮಾನಿಸಬೇಕಿತ್ತು.

ಈ ಮೂರೂವರೆ ಫ್ರೇಮಿಗಾಗಿ ಧ್ವನಿಯ ವೇಗ ಬದಲಿಸಬಹುದು, ಆದರೆ ನಾನು ಬೇಡ ಎನ್ನುತ್ತೇನೆ. ಎರಡು ಮೊಬೈಲಿದ್ದಾಗ ಒಂದಕ್ಕೆ ತಿದ್ದಿದ ಧ್ವನಿ ಇನ್ನೊಂದಕ್ಕೆ ತಪ್ಪುತ್ತದೆ. ಮಿಕ್ಸರಿನ ಧ್ವನಿಯೇ ಯಜಮಾನ. ಅದು ಅಲುಗಬಾರದು, ಚಿತ್ರಗಳು ಅದರ ಹಿಂದೆ ಬರಲಿ. 42 ನಿಮಿಷದ ವಿಡಿಯೊವನ್ನು ಸುಮಾರು ಹತ್ತು ಹತ್ತು ನಿಮಿಷಕ್ಕೆ, ಪದ್ಯ ಮುಗಿದು ಮಾತು ಆರಂಭವಾಗುವಂಥ ಜಾಗದಲ್ಲಿ ನಾಲ್ಕು ತುಂಡು ಮಾಡಿ, ಎರಡನೆಯದನ್ನು ಒಂದು ಫ್ರೇಮ್, ಮೂರನೆಯದನ್ನು ಎರಡು, ನಾಲ್ಕನೆಯದನ್ನು ಮೂರು ಫ್ರೇಮ್ ಬಲಕ್ಕೆ ಸರಿಸಿದರೆ ಸಾಕು. ತುಂಡುಗಳ ನಡುವೆ ಒಂದು ಫ್ರೇಮಿನ ಬಿರುಕು ಬೀಳುತ್ತದೆ, ಹಾಗೇ ಬಿಟ್ಟರೆ ಕಪ್ಪು ಮಿಂಚಿದಂತಾಗುತ್ತದೆ. ಹಿಂದಿನ ತುಂಡಿನ ಬಾಲವನ್ನು ಒಂದು ಫ್ರೇಮ್ ಎಳೆದು ಮುಚ್ಚಿ. ಅದೇ ಚಿತ್ರ ಎರಡು ಸಲ ಬರುವುದು ಯಾರ ಕಣ್ಣಿಗೂ ಬೀಳದು.

ಇನ್ನು ದೂರ. 35 ಮೀಟರ್ ಎಂದರೆ ಮೂರು ಫ್ರೇಮ್. ಎಲ್ಲ ನಾಲ್ಕು ತುಂಡುಗಳ ಚಿತ್ರವನ್ನೂ ಇನ್ನೂ ಮೂರು ಫ್ರೇಮ್ ಬಲಕ್ಕೆ ಸರಿಸಬೇಕು. ಮುಂದಿನ ಸಾಲಿನ ಮೊಬೈಲಿಗೆ 8 ಮೀಟರ್, ಒಂದು ಫ್ರೇಮಿಗೂ ಕಡಿಮೆ, ಅದನ್ನು ಮುಟ್ಟಬೇಡಿ. ಈ ತಿದ್ದುಪಡಿ ಬಿಟ್ಟರೆ ಏನಾಗುತ್ತದೆ ಎಂಬುದು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ದೃಶ್ಯ ಹಾರುವಲ್ಲಿ ಕಾಣುತ್ತದೆ: ವೇಷ ಮಂಡಿ ತಿರುಗುತ್ತಿರುವಾಗ ಹಿಂದಿನ ಮೊಬೈಲಿನಿಂದ ಮುಂದಿನದಕ್ಕೆ ಬಂದರೆ, ಆಗಲೇ ಇಳಿದಿದ್ದ ಕೈ ಮತ್ತೆ ಮೇಲಿನಿಂದ ಇಳಿಯುತ್ತದೆ. ಧ್ವನಿ ಎಲ್ಲೂ ತುಂಡಾಗಿರುವುದಿಲ್ಲ, ಆದರೂ ಕುಣಿತ ಮುಗ್ಗರಿಸಿದಂತೆ ಕಾಣುತ್ತದೆ.

ಈಗ ಸ್ಪೀಕರಿನ ಪ್ರಶ್ನೆ. ಮೊಬೈಲು ಕೇಳಿಸಿಕೊಳ್ಳುವುದು ತನಗೆ ಹತ್ತಿರದ ಸ್ಪೀಕರನ್ನು. ಜನ ಹೆಚ್ಚಿದ್ದಾರೆಂದು ಬಯಲಿನ ನಡುವೆ ಇನ್ನೊಂದು ಜೊತೆ ಸ್ಪೀಕರ್ ಇಟ್ಟಿದ್ದು, ಹಾಳಿಯ ಮೇಲಿದ್ದವರು ಅದಕ್ಕೆ ಐದು ಮೀಟರ್ ಹತ್ತಿರವಿದ್ದರೆ ರಂಗದ ದೂರ ಲೆಕ್ಕಕ್ಕೇ ಬರುವುದಿಲ್ಲ. ತಂತಿಯೊಳಗೆ ಸಂಕೇತ ತಡವಿಲ್ಲದೆ ಬಂದಿರುತ್ತದೆ. ಉಳಿಯುವುದು ಐದು ಮೀಟರ್ ಮಾತ್ರ, ತಿದ್ದುಪಡಿ ಬೇಕಿಲ್ಲ. ಆಗ ಮೂರು ಫ್ರೇಮ್ ಸರಿಸಿದರೆ ಧ್ವನಿಯೇ ಚಿತ್ರಕ್ಕಿಂತ ಮುಂದೆ ಬಂದು ಕೆಡುತ್ತದೆ. ಹಾಗಾಗಿ ಲೆಕ್ಕವೇನೇ ಇರಲಿ, ಕೊನೆಯ ಮಾತು ಕಣ್ಣಿನದು. ಮುಖ ತಕ್ಕಮಟ್ಟಿಗೆ ಹತ್ತಿರ ಕಾಣುವ ಮಾತಿನ ಭಾಗ ಹುಡುಕಿ ಪ, ಬ, ಮ ಅಕ್ಷರಗಳನ್ನು ಹಿಡಿಯಿರಿ. ‘ಭೀಮಾ’ ಎಂದು ಕೌರವ ಗರ್ಜಿಸುವಾಗ ತುಟಿ ಮುಚ್ಚಿ ಬಿರಿಯುವ ಫ್ರೇಮೂ ಸದ್ದು ಸ್ಫೋಟಿಸುವ ಜಾಗವೂ ಒಂದೇ ಆಗಿರಬೇಕು. ಮುಖ ಕಾಣದಷ್ಟು ದೂರವಿದ್ದರೆ ದಿಗಿಣ ಹಾಕಿ ಇಳಿಯುವ ಕೊನೆಯ ಹೆಜ್ಜೆ ನೋಡಿ. ಅದು ಚಂಡೆಯ ಪೆಟ್ಟಿಗೇ ಬೀಳುತ್ತದೆ.

ಮೊಬೈಲಿನ ಧ್ವನಿಯನ್ನು ಪೂರ್ತಿ ತೆಗೆದರೆ ಚಪ್ಪಾಳೆ, ಸಿಳ್ಳೆ ಎಲ್ಲ ಹೋಗಿ ಖಾಲಿ ಕೋಣೆಯಲ್ಲಿ ಆಡಿದಂತಾಗುತ್ತದೆ. ಸ್ವಲ್ಪ ಉಳಿಸಬೇಕೆಂದರೆ ಚಿತ್ರವನ್ನು ಸರಿಸುವಾಗ ಆ ಧ್ವನಿಯನ್ನು ಬಿಡಿಸಿ ಹಿಂದಿನ ಜಾಗದಲ್ಲೇ ಬಿಡಿ. ಚಿತ್ರದ ಜೊತೆ ಅದೂ ಮೂರು ಫ್ರೇಮ್ ಸರಿದರೆ ಪ್ರತಿ ಪೆಟ್ಟಿಗೂ ಪ್ರತಿಧ್ವನಿ ಹುಟ್ಟುತ್ತದೆ. ಪದ್ಯ ನಡೆಯುವಾಗ ಸಣ್ಣಗೆ, ಚಪ್ಪಾಳೆ ಬಂದಾಗ ಮಾತ್ರ ಏರಿಸಿ.

ಯಾರಿಗೆ ಯಾವುದು

ಮಗಳ ಮೊದಲ ವೇಷದ ಐದು ನಿಮಿಷವನ್ನು ಬಂಧುಗಳಿಗೆ ಕಳಿಸಬೇಕಾದವರು ಮೊಬೈಲಿನಲ್ಲೇ ಕೈಯಿಂದ ಹೊಂದಿಸಲಿ, ಬೇರೇನೂ ಬೇಡ. ಆಡಿಟೋರಿಯಮ್ಮಿನ ಮೂರು ಗಂಟೆಯ ಆಟ, ಆರೇಳು ತುಣುಕು, ಸಾಧಾರಣ ಲ್ಯಾಪ್‌ಟಾಪ್ ಇದ್ದವರಿಗೆ ಕೆಡೆನ್‌ಲೈವ್‌ನ ಸ್ವಯಂಚಾಲಿತ ಹೊಂದಾಣಿಕೆ, ಆಮೇಲೆ ಕಣ್ಣಿನಿಂದ ದೂರದ ತಿದ್ದುಪಡಿ. ಹೆಚ್ಚಿನ ಸಂಘಟಕರು ನಿಲ್ಲಬೇಕಾದದ್ದು ಇಲ್ಲಿಯೇ. ಮೇಳದ ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿಡುವ ಹುಮ್ಮಸ್ಸಿನವರು, ಒಂದೇ ಶಾಟ್ ಅರ್ಧ ಗಂಟೆಗೆ ಮೀರುವವರು ಆಜ್ಞೆಗಳ ದಾರಿ ಕಲಿತರೆ ಪಟ್ಟ ಶ್ರಮ ಎರಡನೇ ಆಟಕ್ಕೇ ತೀರುತ್ತದೆ.

ದುಡ್ಡು ಕೊಟ್ಟು ಮದುವೆ ವಿಡಿಯೊ ಮಾಡುವ ಸ್ಟುಡಿಯೊಗೆ ಒಪ್ಪಿಸುವ ದಾರಿಯೂ ಇದೆ. ಅವರ ಕೈ ಪಳಗಿರುತ್ತದೆ, ಆದರೆ ಆವರ್ತ ತಪ್ಪಿದ್ದು ಆಟ ಗೊತ್ತಿಲ್ಲದವರಿಗೆ ತಿಳಿಯುವುದಿಲ್ಲ. ಮೂಲ ಫೈಲ್‌ಗಳ ಜೊತೆಗೆ ಒಂದು ಹಾಳೆ ಕೊಡಿ: ಯಾವ ಮೊಬೈಲು ಎಲ್ಲಿತ್ತು, ಸ್ಪೀಕರ್ ಎಲ್ಲಿತ್ತು, ಯಾವ ತುಣುಕು ಯಾವ ಪದ್ಯದಿಂದ ಆರಂಭ. ಕೆಲಸ ಮುಗಿದ ಮೇಲೆ ಅಂತಿಮ ವಿಡಿಯೊದ ಜೊತೆಗೆ ಮೊಬೈಲಿನ ಧ್ವನಿಯನ್ನೂ ಸಮನಾಗಿ ಏರಿಸಿದ ಒಂದು ಪರೀಕ್ಷಾ ಪ್ರತಿ ಕೇಳಿ ಪಡೆಯಿರಿ. ಬಾಕಿ ಹಣ ಕೊಡುವ ಮೊದಲು ಅದರಲ್ಲಿ ಪದ್ಯದ ಸಾಹಿತ್ಯ ಎಲ್ಲಾದರೂ ಎರಡೆರಡಾಗಿ ಕೇಳುತ್ತದೆಯೇ ಎಂದು ಕೇಳಿನೋಡಿ.